ಹನ್ನೊಂದು ಬಾರಿ ನಿಂತ ಡಬ್ಬಿ

ಮನೆಯಲ್ಲಿ ಅವಳನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಅಣ್ಣನೊಡನೆ ಬಿಸ್ಕತ್ತು ಹಂಚಿಕೊಳ್ಳುವಾಗ ತುಣುಕುಗಳನ್ನು ಎರಡು ಅಂಗೈಯಲ್ಲಿ ಇಟ್ಟು ತೂಗಿ ನೋಡುತ್ತಿದ್ದುದರಿಂದ ಬಂದ ಹೆಸರು ಅದು. ದೊಡ್ಡವಳಾದ ಮೇಲೂ ಹೆಸರು ಸುಳ್ಳಾಗಲಿಲ್ಲ. ಅತ್ತಿಗೆಯ ಊಟದ ಡಬ್ಬಿಗಳ ವ್ಯವಹಾರಕ್ಕೆ ಅವಳು ಕೈಹಾಕಿದಂದಿನಿಂದ ಒಬ್ಬರ ಡಬ್ಬಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ, ಒಂದು ಮುಚ್ಚಳವೂ ಕಳೆದುಹೋಗಿಲ್ಲ. ಅಡುಗೆ ಅತ್ತಿಗೆಯದು, ಗಾಡಿ ಓಡಿಸುವುದು ಅಣ್ಣನದು, ಯಾರಿಗೆ, ಎಲ್ಲಿಗೆ, ಯಾವಾಗ ಎಂಬುದೆಲ್ಲ ತಕ್ಕಡಿಯದು. ಗಿರಾಕಿಗಳು ತಮ್ಮ ಫೋನಿನಲ್ಲೇ ಊಟಕ್ಕೆ ಸೇರಿಕೊಳ್ಳುವಂತೆ, ಬೇಡವಾದ ದಿನ ನಿಲ್ಲಿಸಿಕೊಳ್ಳುವಂತೆ ಒಂದು ಪುಟವನ್ನೂ ಅವಳೇ ಸಿದ್ಧಪಡಿಸಿದ್ದಳು.

ಆದರೆ ಆ ವರ್ಷ ವ್ಯವಹಾರ ಸೊರಗಿತ್ತು. ಅವರ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಹತ್ತಿರದ ಬಟ್ಟೆ ಕಾರ್ಖಾನೆಯವರು. ಕಾರ್ಖಾನೆ ಊರಾಚೆಗೆ ಎದ್ದುಹೋದಾಗ ಡಬ್ಬಿಗಳೂ ಕಪಾಟಿಗೆ ಹಿಂತಿರುಗಿ ಬಾಯಿ ಮುಚ್ಚಿಕೊಂಡು ಕುಳಿತವು. ಅದೇ ಹೊತ್ತಿಗೆ ದೊಡ್ಡ ಕ್ಯಾಂಟೀನ್ ಒಂದರವರು ಅತ್ತಿಗೆಯನ್ನು ಕೆಲಸಕ್ಕೆ ಕರೆದರು. ಮುಂದಿನ ಸೋಮವಾರದೊಳಗೆ ಉತ್ತರ ಬೇಕೆಂದರು. ಅತ್ತಿಗೆ ಮದುವೆಗೆ ಮುಂಚೆ ಅಂಥದ್ದೇ ಕ್ಯಾಂಟೀನಿನಲ್ಲಿ ಆರು ವರ್ಷ ಬೆಂದವಳು. "ಅಲ್ಲಿ ನಾನು ಬೇಯಿಸಿದ್ದನ್ನ ಯಾರು ತಿಂದ್ರು ಅಂತ ಒಂದು ದಿನಾನೂ ನೋಡಿಲ್ಲ ಕಣೇ," ಎಂದು ಹೇಳಿ ಸುಮ್ಮನಾಗಿದ್ದಳು. ಆ ಸುಮ್ಮನಿರುವಿಕೆ ತಕ್ಕಡಿಗೆ ಸಹಿಸಲಾಗಲಿಲ್ಲ. ಏಕೆಂದರೆ ಅತ್ತಿಗೆ ಸುಮ್ಮನಿರುವುದು ಕುಕ್ಕರ್ ಕೂಗದಿರುವ ಹಾಗೆ: ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ.

ಉಳಿದ ಒಂದೇ ದಾರಿ ಆಸ್ಪತ್ರೆ. ಅಲ್ಲಿನ ಹಿರಿಯ ನರ್ಸ್ ಒಬ್ಬರು ಸಿಬ್ಬಂದಿಯ ಬಾಗಿಲ ಬಳಿ ಡಬ್ಬಿ ಇಡುವ ಒಂದು ಗೂಡಿಗೆ ಜಾಗ ಕೊಡಲು ಒಪ್ಪಿದ್ದರು. ಬಾಗಿಲಿನ ಪಕ್ಕದ ಟಿವಿ ಪರದೆಯಲ್ಲಿ ಒಂದು ವಾರ ಇಪ್ಪತ್ತು ಸೆಕೆಂಡಿನ ಜಾಹೀರಾತು ಹಾಕುತ್ತೇವೆ, ವಾರದೊಳಗೆ ಮೂವತ್ತು ಮಂದಿ ಸೇರಿದರೆ ಗೂಡು ನಿಮ್ಮದು, ಇಲ್ಲದಿದ್ದರೆ ಬೇರೆಯವರಿಗೆ ಎಂಬುದು ಅವರ ಮಾತು. ಎರಡೇ ಷರತ್ತು. ಸದ್ದು ಇರಕೂಡದು, ಏಕೆಂದರೆ ಅದು ಆಸ್ಪತ್ರೆ. ಮತ್ತು ಶುಕ್ರವಾರ ಸಂಜೆ ಐದರೊಳಗೆ ಜಾಹೀರಾತು ಅವರ ಕೈಸೇರಬೇಕು, ಏಕೆಂದರೆ ಅದು ಶನಿವಾರ ಬೆಳಗ್ಗೆಯೇ ಪರದೆಯ ಮೇಲೆ ಬರಬೇಕು.

ತಕ್ಕಡಿ ಗುರುವಾರವೇ ಬರೆದು ಮುಗಿಸಿದ್ದಳು. ಮೊದಲು ಯೋಜನೆಗಳು: ವಾರಕ್ಕೆ ಆರು ಊಟ, ತಿಂಗಳಿಗೆ ಇಪ್ಪತ್ತನಾಲ್ಕು, ಎರಡು ಹೊತ್ತಿನದು. ಅದರ ಕೆಳಗೆ ಡಬ್ಬಿ ತಲುಪುವ ಪ್ರದೇಶಗಳು, ಬೀದಿ ಬೀದಿಯ ಹೆಸರಿನ ಸಮೇತ. ಅದರ ಕೆಳಗೆ ರಜಾದಿನಗಳ ನಿಯಮ, ಮುಚ್ಚಳ ಹಿಂತಿರುಗಿಸುವ ನಿಯಮ. ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಊಟ ನಿಲ್ಲಿಸುವ ವಿಧಾನ.

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಇದು ಜಾಹೀರಾತಾ, ಔಷಧಿ ಡಬ್ಬದೊಳಗಿನ ಚೀಟಿಯಾ?"

"ಎಲ್ಲಾ ವಿಷಯ ಇರಬೇಕಲ್ಲ ಅತ್ತಿಗೆ. ಆಮೇಲೆ ಗೊತ್ತಿರಲಿಲ್ಲ ಅಂತ ಯಾರೂ ಅನ್ನಬಾರದು."

"ಯಾರೂ ಅನ್ನಲ್ಲ ಬಿಡು. ಓದಿದ್ರೆ ತಾನೇ ಅನ್ನೋದು."

ಕೊನೆಗೆ ಒಂದು ರಾಜಿಯಾಯಿತು. ಅಕ್ಷರಗಳು ಇದ್ದ ಹಾಗೆಯೇ ಇರಲಿ, ಆದರೆ ಪಕ್ಕದಲ್ಲಿ ಒಂದು ಕೈ ಫೋನ್ ಹಿಡಿದು, ಊಟ ನಿಲ್ಲಿಸುವ ಗುಂಡಿ ಒತ್ತುವುದು ಕಾಣಲಿ. ಕೈ ಅತ್ತಿಗೆಯದೇ ಆಗಲಿ ಎಂದು ಅಣ್ಣ ತೀರ್ಪು ಕೊಟ್ಟ. "ಅಡುಗೆಯವಳ ಕೈ ಕಂಡರೆ ನಂಬಿಕೆ ಬರುತ್ತೆ. ನಿನ್ನ ಕೈ ನೋಡಿದ್ರೆ ಲೆಕ್ಕ ಪರಿಶೋಧನೆಗೆ ಬಂದಿದ್ದಾರೆ ಅನ್ಸುತ್ತೆ."

ಅಲ್ಲಿ ಒಂದು ತೊಡಕು ಎದುರಾಯಿತು. ಪ್ರಯೋಗಕ್ಕೆಂದು ತಕ್ಕಡಿ ಇಟ್ಟುಕೊಂಡಿದ್ದ ಸುಳ್ಳು ಗಿರಾಕಿಯ ಪುಟದಲ್ಲಿ ನಿಲ್ಲಿಸುವ ಗುಂಡಿಯೇ ಕಾಣಿಸಲಿಲ್ಲ. ಕಾರಣ ಅವಳಿಗೆ ಕೂಡಲೇ ಹೊಳೆಯಿತು. ಬಾಕಿ ಊಟವೇ ಇಲ್ಲದವನಿಗೆ ನಿಲ್ಲಿಸಲು ಏನಿದೆ ಎಂದು ಆ ನಿಯಮವನ್ನು ಬರೆದವಳು ಅವಳೇ. ಸುಳ್ಳು ಗಿರಾಕಿಗೆ ಸುಳ್ಳು ಊಟ ಸೇರಿಸಿದರೆ ನಾಳಿನ ಅಡುಗೆಯ ಲೆಕ್ಕ ಕೆಡುತ್ತದೆ. ಲೆಕ್ಕ ಕೆಡಿಸುವುದು ಅವಳ ಕೈಲಾಗದ ಮಾತು. ಹಾಗಾಗಿ ನಿಜವಾದ ಗಿರಾಕಿಯ ಪುಟವನ್ನೇ ಒಂದು ಗಳಿಗೆ ಬಳಸಿ ಮತ್ತೆ ಸರಿಪಡಿಸಿಬಿಡುವುದು ಎಂದುಕೊಂಡಳು. ಯಾರದು? ಎಂದೂ ದೂರು ಹೇಳದವರು, ಎಂದೂ ಒಂದು ದಿನವೂ ಊಟ ನಿಲ್ಲಿಸದವರು, ಮೂರು ವರ್ಷದ ಹಳೆಯ ಗಿರಾಕಿ: ಮೂಲೆಯ ಕನ್ನಡಕದ ಅಂಗಡಿಯವರು.

ಗುರುವಾರ ಸಂಜೆ ಕಿಟಕಿಯ ಬೆಳಕು ಆರುವ ಮುನ್ನ ಚಿತ್ರೀಕರಣ ಆರಂಭವಾಯಿತು. ಮೊದಲ ಸಲ ಅತ್ತಿಗೆಯ ಹೆಬ್ಬೆರಳು ಗುಂಡಿಯನ್ನೇ ಮುಚ್ಚಿಬಿಟ್ಟಿತು. ಎರಡನೆಯ ಸಲ ಬೆರಳು ಒದ್ದೆಯಾಗಿದ್ದುದರಿಂದ ಪರದೆ ತಡವಾಗಿ ಎಚ್ಚೆತ್ತಿತು. ಆಮೇಲೊಮ್ಮೆ ಎಣ್ಣೆಯ ಗುರುತು ಬಿತ್ತು. ಮತ್ತೊಮ್ಮೆ ಅತ್ತಿಗೆ ಈರುಳ್ಳಿ ಹೆಚ್ಚಿ ಬಂದು ಮೂಗು ಸೇದಿದಳು, ಫೋನ್ ಅಲುಗಿತು. ಪ್ರತಿ ಸಲವೂ ತಕ್ಕಡಿ "ಮತ್ತೆ ಶುರುಮಾಡಿ" ಒತ್ತಿ, ಪುಟವನ್ನು ಮೊದಲಿನ ಸ್ಥಿತಿಗೆ ತಂದು, "ಇನ್ನೊಂದ್ಸಲ ಅತ್ತಿಗೆ" ಎನ್ನುತ್ತಿದ್ದಳು.

"ಮದುವೆ ದಿನ ಫೋಟೊದವನೂ ಇಷ್ಟು ಗೋಳು ಹೊಯ್ಕೊಂಡಿರಲಿಲ್ಲ," ಎಂದಳು ಅತ್ತಿಗೆ.

"ಅವತ್ತು ನಿನ್ನ ಮುಖ ಇತ್ತಲ್ಲ. ಬರೀ ಹೆಬ್ಬೆರಳನ್ನ ಚೆಂದ ಕಾಣಿಸೋದು ಕಷ್ಟ," ಎಂದ ಅಣ್ಣ, ಮತ್ತು ಸೌಟಿಗೆ ಎಟುಕದಷ್ಟು ದೂರಕ್ಕೆ ಸರಿದ.

ಹನ್ನೊಂದನೆಯ ಸಲ ಎಲ್ಲವೂ ಕೂಡಿಬಂತು. ಹೆಬ್ಬೆರಳು ನಿಧಾನವಾಗಿ ಬಂದಿತು, ಗುಂಡಿ ಒತ್ತಿತು, "ನಾಳೆಯ ಊಟ ನಿಲ್ಲಿಸಲಾಗಿದೆ" ಎಂಬ ಅಕ್ಷರಗಳು ಮೂಡಿದವು. ಮೂವರೂ ಒಟ್ಟಿಗೆ ಉಸಿರು ಬಿಟ್ಟರು. ಸಂತೋಷದಲ್ಲಿ ತಕ್ಕಡಿ ವೀಡಿಯೊವನ್ನು ಮೂರು ಸಲ ನೋಡಿದಳು. ಜೀವಮಾನದಲ್ಲಿ ಮೊದಲ ಬಾರಿಗೆ, ಒಂದನ್ನು ಇದ್ದ ಜಾಗಕ್ಕೆ ಮರಳಿ ಇಡುವುದನ್ನು ಮರೆತಳು.

ಮರುದಿನ ಮಧ್ಯಾಹ್ನ ಅಣ್ಣ ಡಬ್ಬಿ ಹಂಚಲು ಹೋಗಿದ್ದ. ಅತ್ತಿಗೆ ಪಾತ್ರೆ ತಿಕ್ಕುತ್ತಿದ್ದಳು. ತಕ್ಕಡಿ ಜಾಹೀರಾತಿನ ಅಕ್ಷರಗಳನ್ನು ಇನ್ನೊಂದು ಕೂದಲೆಳೆ ಚಿಕ್ಕದಾಗಿಸಿ ಇನ್ನೊಂದು ನಿಯಮ ತುರುಕಬಹುದೇ ಎಂದು ನೋಡುತ್ತಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕನ್ನಡಕದ ಅಂಗಡಿಯವರು ಬಂದು ನಿಂತರು. ಒಂದು ಕೈಯಲ್ಲಿ ನಿನ್ನೆಯ ತೊಳೆದ ಡಬ್ಬಿ, ಇನ್ನೊಂದು ಕೈಯಲ್ಲಿ ಫೋನ್. ಮೂರು ವರ್ಷದಲ್ಲಿ ಅವರು ಆ ಬಾಗಿಲಿಗೆ ಬಂದದ್ದು ಅದೇ ಮೊದಲು.

"ನಾನು ಜಗಳಕ್ಕೆ ಬಂದಿಲ್ಲ," ಎಂದರು ಅವರು. "ಕೊಡ್ತೀರೋ ಇಲ್ವೋ, ನೀವಿಬ್ಬರೂ ಕೂತು ಒಂದು ತೀರ್ಮಾನಕ್ಕೆ ಬನ್ನಿ ಅಂತ ಹೇಳೋಕೆ ಬಂದೆ."

ಫೋನನ್ನು ಚಾಚಿದರು. ತಕ್ಕಡಿ ಓದಿದಳು. ನಿಮ್ಮ ಊಟ ನಿಲ್ಲಿಸಲಾಗಿದೆ. ನಿಮ್ಮ ಊಟ ಮತ್ತೆ ಆರಂಭವಾಗಿದೆ. ನಿಮ್ಮ ಊಟ ನಿಲ್ಲಿಸಲಾಗಿದೆ. ನಿಮ್ಮ ಊಟ ಮತ್ತೆ ಆರಂಭವಾಗಿದೆ. ಬೆರಳಿನಿಂದ ಸರಿಸಿದಷ್ಟೂ ಸಾಲು ಮುಗಿಯಲೇ ಇಲ್ಲ. ಬದಲಾವಣೆಯಾದಾಗಲೆಲ್ಲ ಗಿರಾಕಿಗೆ ತಾನಾಗಿಯೇ ಸಂದೇಶ ಹೋಗಬೇಕೆಂಬ ನಿಯಮವನ್ನೂ ಬರೆದವಳು ಅವಳೇ.

"ನಿನ್ನೆ ಸಂಜೆ ಒಬ್ಬರ ಕಣ್ಣು ಪರೀಕ್ಷೆ ಮಾಡ್ತಾ ಇದ್ದೆ," ಎಂದು ಅವರು ಮುಂದುವರಿಸಿದರು. "ಈ ಗಾಜು ಚೆನ್ನಾಗಿದೆಯಾ, ಆ ಗಾಜು ಚೆನ್ನಾಗಿದೆಯಾ ಅಂತ ಕೇಳ್ತೀನಿ, ಜೇಬಿನಲ್ಲಿ ಟಣ್ ಅನ್ನುತ್ತೆ. ಮತ್ತೆ ಕೇಳ್ತೀನಿ, ಮತ್ತೆ ಟಣ್. ಆಮೇಲೆ ಅವರಿಗೆ ನಾನು ಪ್ರಶ್ನೆ ಕೇಳೋ ಮೊದಲೇ ಟಣ್ ಅಂದಾಗ ಉತ್ತರ ಕೊಡೋದು ಅಭ್ಯಾಸ ಆಗಿಹೋಯ್ತು."

ಅತ್ತಿಗೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅದು ಸಾಲದಾಯಿತು. ಅವಳ ನಗು ಪಾತ್ರೆಗಳ ನಡುವೆ ಸದ್ದು ಮಾಡುತ್ತ ಹೊರಬಿತ್ತು. ತಕ್ಕಡಿಗೆ ಮಾತ್ರ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು. ನಡೆದದ್ದನ್ನೆಲ್ಲ ಒಂದನ್ನೂ ಬಿಡದೆ ಹೇಳಿದಳು: ಜಾಹೀರಾತು, ಹೆಬ್ಬೆರಳು, ಸುಳ್ಳು ಗಿರಾಕಿ, ಕೊನೆಗೆ ಮರೆತದ್ದು.

"ತಪ್ಪು ನಂದೇ, ಸರ್. ನಿಮ್ಮನ್ನ ಕೇಳದೆ ನಿಮ್ಮ ಪುಟ ಮುಟ್ಟಬಾರದಿತ್ತು. ಇವತ್ತಿನ ಊಟ ಪಟ್ಟಿಯಲ್ಲೇ ಬಂದಿಲ್ಲ, ಹಾಗಾಗಿ ಕಟ್ಟಿಲ್ಲ."

"ಮೊದಲು ಕೂತ್ಕೊಳ್ಳಿ ಯಜಮಾನ್ರೇ," ಎಂದ ಅತ್ತಿಗೆ ಅಷ್ಟರಲ್ಲಿ ತಟ್ಟೆ ಹಾಕಿಬಿಟ್ಟಿದ್ದಳು. "ನ್ಯಾಯ ಆಮೇಲೆ ಹೇಳೋರಂತೆ. ಹಸಿದ ಹೊಟ್ಟೆಯಲ್ಲಿ ಹೇಳಿದ ನ್ಯಾಯ ಯಾವತ್ತೂ ಖಾರವಾಗಿರುತ್ತೆ."

ಅವರು ಕೂತರು. ಬಿಸಿ ಅನ್ನ, ತರಕಾರಿ, ಮೊಟ್ಟೆ. ಎರಡು ತುತ್ತಾದ ಮೇಲೆ ತಲೆ ಎತ್ತಿದರು. "ಡಬ್ಬಿಯಲ್ಲಿ ಬರೋದಕ್ಕಿಂತ ಇದು ಬಿಸಿ ಇದೆ. ಇನ್ನು ಆಗಾಗ ನಿಲ್ಲಿಸ್ತಾ ಇರಿ." ಮತ್ತೆರಡು ತುತ್ತಾದ ಮೇಲೆ ಏನೋ ನೆನಪಾದವರಂತೆ ಕೇಳಿದರು. "ಅದಿರಲಿ, ಇದು ಏನು ಈ ನಿಲ್ಲಿಸೋದು? ನಾನೇ ನಿಲ್ಲಿಸಬಹುದಾ?"

ತಕ್ಕಡಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಮೊದಲಿನಿಂದಲೂ ಇದೆಯಲ್ಲ, ಸರ್. ಹಿಂದಿನ ಸಂಜೆ ಏಳರೊಳಗೆ ಒತ್ತಿದ್ರೆ ಸಾಕು. ಊಟ ಕಳೆದುಹೋಗಲ್ಲ. ನೀವು ಎಷ್ಟು ದಿನ ನಿಲ್ಲಿಸ್ತೀರೋ ಅಷ್ಟು ದಿನ ನಿಮ್ಮ ಲೆಕ್ಕ ಮುಂದಕ್ಕೆ ಹೋಗುತ್ತೆ. ನೀವು ಸೇರಿದ ದಿನ ಕಳಿಸಿದ ನಿಯಮಗಳಲ್ಲಿ ಹದಿನಾಲ್ಕನೆಯದು."

"ಹದಿನಾಲ್ಕನೆಯದು," ಎಂದು ಅವರು ಗೌರವದಿಂದ ಪುನರುಚ್ಚರಿಸಿದರು. "ಹೋದ ವರ್ಷ ಮಗಳ ಮನೆಗೆ ಹೋಗಿ ಎರಡು ವಾರ ಇದ್ದೆ. ಬೇಡ ಅನ್ನೋಕೆ ಆಗುತ್ತೆ ಅಂತ ಗೊತ್ತಿರಲಿಲ್ಲ. ಅಷ್ಟೂ ದಿನ ನಿಮ್ಮ ಡಬ್ಬಿ ಪಕ್ಕದ ಚಪ್ಪಲಿ ಅಂಗಡಿಯವನೇ ಇಸ್ಕೊಂಡು ತಿಂದ. ನಾನು ವಾಪಸ್ ಬರೋ ಹೊತ್ತಿಗೆ ಅವನು ಸ್ಟೂಲಿನಲ್ಲಿ ಹಿಡಿಸದೆ ಬೆಂಚು ಮಾಡಿಸಿಕೊಂಡಿದ್ದ."

ಅತ್ತಿಗೆ ಮತ್ತೆ ಸೆರಗಿಗೆ ಕೈಹಾಕಿದಳು.

"ಈಗ ಮಗಳಿಗೆ ಹೆರಿಗೆ. ಮುಂದಿನ ತಿಂಗಳು ಪೂರ್ತಿ ಇರಲ್ಲ. ಊಟ ಬಿಡಿಸಿಬಿಡೋಣ ಅಂತ ಇದ್ದೆ, ಹೇಳೋಕೆ ಸಂಕೋಚ ಆಗಿ ಸುಮ್ಮನಿದ್ದೆ. ನಿನ್ನೆ ಸಂದೇಶ ಬಂದಾಗ ಅನ್ಕೊಂಡೆ, ಇವರಿಗೆ ಹೇಗೋ ಗೊತ್ತಾಗಿ ಕೋಪ ಮಾಡಿಕೊಂಡಿದ್ದಾರೆ ಅಂತ. ಮತ್ತೆ ಆರಂಭ ಅಂತ ಬಂದಾಗ, ಓಹೋ, ಮನಸ್ಸು ಕರಗಿತು ಅಂತ."

ತಕ್ಕಡಿ ಜಾಹೀರಾತಿನ ಕಡೆ ತಿರುಗಿದಳು. ಮೂರು ವರ್ಷದ ಗಿರಾಕಿ, ದಿನಾ ಕನ್ನಡಕ ತಯಾರಿಸುವ ಮನುಷ್ಯ, ಅವಳು ಬರೆದದ್ದನ್ನು ಓದಿಯೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಿಳಿಯದ ಒಂದೇ ಕಾರಣಕ್ಕೆ ಊಟವನ್ನೇ ಬಿಡಲಿದ್ದರು. ಆಸ್ಪತ್ರೆಯವರ ನೆನಪಾಯಿತು. ಅವರಿಗೆ ಈ ವಾರ ಹಗಲು ಪಾಳಿಯಾದರೆ ಮುಂದಿನ ವಾರ ರಾತ್ರಿ ಪಾಳಿ, ನಡುವೆ ರಜೆ, ನಡುವೆ ಅದಲುಬದಲು. ಯಾರು ತಿಂಗಳ ಊಟಕ್ಕೆ ಧೈರ್ಯ ಮಾಡಿಯಾರು, ನಿಲ್ಲಿಸಬಹುದೆಂದು ಗೊತ್ತಿಲ್ಲದಿದ್ದರೆ? ಅದನ್ನೇ ಅವಳು ಇರುವೆ ಸಾಲಾಗಿಸಿ ತೀರಾ ಕೆಳಕ್ಕೆ ತಳ್ಳಿದ್ದಳು.

"ಸರ್," ಎಂದಳು, "ಜಾಹೀರಾತನ್ನ ಒಂದ್ಸಲ ನೋಡ್ತೀರಾ?"

ಅವರು ಕೈ ತೊಳೆದು ಬಂದು ನೋಡಿದರು. ಮೂಗಿನ ಮೇಲಿನ ಕನ್ನಡಕ ಕೆಳಗಿಳಿಸಿ, ಮೇಲಕ್ಕೇರಿಸಿ ನೋಡಿದರು. "ನನ್ನ ಅಂಗಡಿಯ ಗೋಡೆ ಮೇಲೆ ಅಕ್ಷರದ ಚಾರ್ಟ್ ಇದೆಯಲ್ಲ, ಅದರ ಕೊನೆ ಸಾಲು ಇದಕ್ಕಿಂತ ದಪ್ಪ. ಪರದೆ ಎಲ್ಲಿರುತ್ತೆ?"

"ಸಿಬ್ಬಂದಿ ಬಾಗಿಲ ಪಕ್ಕ. ಒಳಗೆ ಹೋಗ್ತಾ ಬರ್ತಾ ನೋಡ್ತಾರೆ."

"ಅಂದ್ರೆ ಯಾರೂ ನಿಲ್ಲಲ್ಲ. ನಡೀತಾ ಓದ್ತಾರೆ. ಒಂದು ಸಲಕ್ಕೆ ಒಂದು ಮಾತು ಹಿಡಿಸುತ್ತೆ, ಅಷ್ಟೆ." ಅವರು ಲ್ಯಾಪ್‌ಟಾಪನ್ನು ಅಡುಗೆಮನೆಯ ಆಚೆ ಗೋಡೆಯ ಕಪಾಟಿನಲ್ಲಿಟ್ಟರು. ಅತ್ತಿಗೆಯನ್ನು ಈಚೆ ಗೋಡೆಯ ಬಳಿ ನಿಲ್ಲಿಸಿದರು. "ನಡ್ಕೊಂಡು ಬನ್ನಿ ಅಮ್ಮ. ಕಂಡದ್ದು ಹೇಳಿ."

ಅತ್ತಿಗೆ ಮದುಮಗಳ ಹಾಗೆ ನಡೆದುಬಂದಳು. "ನನ್ನ ಹೆಬ್ಬೆರಳು ಕಾಣ್ತು. ಚೆನ್ನಾಗಿದೆ."

"ಅಕ್ಷರ?"

"ಅಕ್ಷರ ಇದೆಯಾ ಅಲ್ಲಿ? ನಾನು ಬೂದು ಬಣ್ಣದ ಗೋಡೆ ಅನ್ಕೊಂಡೆ."

ತಕ್ಕಡಿ ಒಂದು ಸಾಲನ್ನು ದೊಡ್ಡದು ಮಾಡಿದಳು. ಅತ್ತಿಗೆ ಮತ್ತೆ ನಡೆದಳು. ಇನ್ನೂ ದೊಡ್ಡದು ಮಾಡಿದಳು. ಅತ್ತಿಗೆ ಇನ್ನೂ ಕಣ್ಣು ಕಿರಿದು ಮಾಡುತ್ತಿದ್ದಳು. ಅಂಗಡಿಯವರು ಮೆತ್ತಗೆ ಹೇಳಿದರು. "ಅಮ್ಮಾ, ಈಗಿನ ತಪ್ಪು ಅಕ್ಷರದ್ದಲ್ಲ. ನಿಮಗೆ ಕನ್ನಡಕ ಬೇಕು."

"ಊಟಕ್ಕೆ ಬಂದಿರಾ, ವ್ಯಾಪಾರಕ್ಕೆ ಬಂದಿರಾ?"

"ಬಂದದ್ದು ಜಗಳಕ್ಕೆ. ಊಟ ನೀವು ಹಾಕಿದ್ರಿ, ವ್ಯಾಪಾರ ತಾನಾಗೇ ಬಂತು."

ಹೀಗೆ ಮೂವರೂ ಸೇರಿ ಕತ್ತರಿಸತೊಡಗಿದರು. ರಜಾದಿನಗಳ ನಿಯಮ ಹೋಯಿತು. ಮುಚ್ಚಳದ ನಿಯಮ ಹೋಗುವಾಗ ತಕ್ಕಡಿ ಕೈ ಅಡ್ಡ ಹಿಡಿದಳು. "ಅದು ಡಬ್ಬಿ ಮೇಲೆ ಚೀಟಿ ಅಂಟಿಸಿದ್ರೆ ಆಯ್ತು ಕಣೇ, ಡಬ್ಬಿ ಸಿಕ್ಕಿದ ಮೇಲೆ ತಾನೇ ಮುಚ್ಚಳದ ಚಿಂತೆ," ಎಂದು ಅತ್ತಿಗೆ ಸಮಾಧಾನ ಹೇಳಿದಳು. ಬೀದಿಗಳ ಹೆಸರು ಹೋಗಿ, ಆಸ್ಪತ್ರೆ, ನಿಲ್ದಾಣದ ರಸ್ತೆ, ಹೊಸ ಬಡಾವಣೆ ಎಂಬ ಮೂರು ಮಾತು ಉಳಿದವು. ಅದರ ಕೆಳಗೆ ತಕ್ಕಡಿ "ನದಿಯಾಚೆಗೆ ಇನ್ನೂ ಇಲ್ಲ" ಎಂದು ಬರೆದಳು.

"ಇಲ್ಲ ಅನ್ನೋದನ್ನ ಯಾರಾದ್ರೂ ಜಾಹೀರಾತಲ್ಲಿ ಹಾಕ್ತಾರಾ?" ಅತ್ತಿಗೆ ರೇಗಿದಳು.

"ಹಾಕಲೇಬೇಕು. ನದಿಯಾಚೆಯವರು ಸೇರಿ, ಎರಡು ದಿನ ಕಾದು, ನಮ್ಮನ್ನ ಬೈಕೊಂಡು ಬಿಡೋದಕ್ಕಿಂತ ಇದೇ ವಾಸಿ. ಇದೊಂದು ಬಿಡಲ್ಲ ಅತ್ತಿಗೆ."

ಅಂಗಡಿಯವರು ತಕ್ಕಡಿಯ ಪಕ್ಷ ವಹಿಸಿದರು. ಕಾಣದ್ದನ್ನು ಕಾಣುತ್ತದೆ ಎಂದು ಹೇಳಿ ಗಾಜು ಮಾರಿದವನ ಅಂಗಡಿಗೆ ಯಾರೂ ಎರಡನೆಯ ಸಲ ಬರುವುದಿಲ್ಲ ಎಂದರು. ಆ ಸಾಲು ಉಳಿಯಿತು.

ನಂತರ ಕ್ರಮ. ತಕ್ಕಡಿ ಸ್ವಲ್ಪ ಹೊತ್ತು ಯೋಚಿಸಿ, ಎಲ್ಲವನ್ನೂ ತಲೆಕೆಳಗು ಮಾಡಿದಳು. ಇಪ್ಪತ್ತು ಸೆಕೆಂಡುಗಳನ್ನು ಮೂರು ತುಂಡಾಗಿಸಿದಳು. ಮೊದಲ ತುಂಡಿನಲ್ಲಿ ಹೆಬ್ಬೆರಳು, ಪಕ್ಕದಲ್ಲಿ ದಪ್ಪ ಅಕ್ಷರ: "ಪಾಳಿ ಬದಲಾಯಿತೇ? ಹಿಂದಿನ ಸಂಜೆ ಏಳರೊಳಗೆ ನಿಲ್ಲಿಸಿ. ನಿಮ್ಮ ಊಟ ನಿಮಗೇ ಉಳಿಯುತ್ತದೆ." ಎರಡನೆಯದರಲ್ಲಿ ಮೂರು ಯೋಜನೆ. ಮೂರನೆಯದರಲ್ಲಿ ತಲುಪುವ ಜಾಗ, ತಲುಪದ ಜಾಗ. ಸೇರಿಕೊಳ್ಳಲು ಫೋನಿನಿಂದ ಸ್ಕ್ಯಾನ್ ಮಾಡುವ ಚೌಕವನ್ನು ಮೊದಲು ಅವಳು ಕೊನೆಗೆ ಇಟ್ಟಿದ್ದಳು. ಅತ್ತಿಗೆ ತನ್ನ ಫೋನ್ ಹುಡುಕಿ, ತೆಗೆದು, ಹಿಡಿಯುವಷ್ಟರಲ್ಲಿ ಚೌಕ ಮಾಯವಾಗುವುದನ್ನು ಕಂಡು, ಅದನ್ನು ಒಂದು ಮೂಲೆಯಲ್ಲಿ ಮೊದಲಿನಿಂದ ಕೊನೆಯವರೆಗೂ ನಿಲ್ಲಿಸಿದಳು.

"ವೀಡಿಯೊದಲ್ಲಿ ನಿಮ್ಮ ಹೆಸರು ಕಾಣುತ್ತೆ, ಸರ್. ಅದನ್ನ ಕತ್ತರಿಸ್ತೀನಿ. ಉಳಿದದ್ದು ಬಳಸಬಹುದಾ? ಬೇಡ ಅಂದ್ರೆ ಹೊಸದಾಗಿ ತೆಗೀತೀನಿ."

"ಬಳಸಿ. ಆದರೆ ನಾಳೆ ಊಟ ಕಳಿಸಿ." ಬಾಗಿಲು ದಾಟುತ್ತಿದ್ದವರ ಜೇಬಿನಲ್ಲಿ ಅಷ್ಟರಲ್ಲೇ ಟಣ್ ಎಂದಿತು. ತೆಗೆದು ಓದಿದರು. ನಿಮ್ಮ ಊಟ ಮತ್ತೆ ಆರಂಭವಾಗಿದೆ. ನಗುತ್ತ ಹೋದರು.

ಜಾಹೀರಾತು ಐದರೊಳಗೆ ಆಸ್ಪತ್ರೆ ಸೇರಿತು. ಶನಿವಾರ ಬೆಳಗ್ಗೆ ಪಾಳಿ ಬದಲಾಗುವ ಹೊತ್ತಿಗೆ ತಕ್ಕಡಿ ಹಿರಿಯ ನರ್ಸಿನ ಅನುಮತಿ ಪಡೆದು ಆ ಬಾಗಿಲ ಬಳಿ ನಿಂತಿದ್ದಳು. ಹೊರಗೆ ಬರುವವರ ಕಣ್ಣಲ್ಲಿ ನಿದ್ದೆ, ಒಳಗೆ ಹೋಗುವವರ ಕಾಲಲ್ಲಿ ಅವಸರ. ಯಾರೂ ನಿಲ್ಲಲಿಲ್ಲ. ಒಬ್ಬ ಪ್ರಯೋಗಾಲಯದವನು ಹೆಬ್ಬೆರಳನ್ನು ನೋಡಿ ಮುಂದೆ ಹೋದ. ಒಬ್ಬ ವೈದ್ಯೆ ನೋಡಲೂ ಇಲ್ಲ. ತಕ್ಕಡಿ ನಿಲ್ಲದೆ ಹೋದವರನ್ನು ಎಣಿಸತೊಡಗಿದಳು.

ಆಗ ಕೋಟಿನ ಗುಂಡಿ ಬಿಚ್ಚುತ್ತ ಹೊರಟಿದ್ದ ಒಬ್ಬ ನರ್ಸ್ ಎರಡು ಹೆಜ್ಜೆ ಹಿಂದಕ್ಕೆ ಬಂದಳು. "ನೋಡೇ ಇಲ್ಲಿ," ಎಂದು ಗೆಳತಿಯ ತೋಳು ಹಿಡಿದಳು. "ಪಾಳಿ ಬದಲಾದ್ರೆ ನಿಲ್ಲಿಸಬಹುದಂತೆ. ಊಟ ಹೋಗಲ್ವಂತೆ."

"ಎಲ್ಲಾ ಹಾಗೇ ಹೇಳ್ತಾರೆ."

"ನೋಡೇಬಿಡೋಣ ಬಾ." ಅವಳು ಫೋನ್ ಹಿಡಿದು ಸೇರಿಕೊಂಡಳು. ತಕ್ಕಡಿಯ ಫೋನ್ ಅದುರಿತು: ಹೊಸ ಗಿರಾಕಿ. ಇನ್ನೂ ಸಂತೋಷ ಮುಖಕ್ಕೆ ಬರುವ ಮುನ್ನವೇ ಮತ್ತೆ ಅದುರಿತು: ಅದೇ ಗಿರಾಕಿ, ಬುಧವಾರದ ಊಟ ನಿಲ್ಲಿಸಲಾಗಿದೆ.

ತಕ್ಕಡಿ ಮನೆಗೆ ಫೋನ್ ಮಾಡಿ ಪಿಸುಗುಟ್ಟಿದಳು. ಆ ಕಡೆಯಿಂದ ಅತ್ತಿಗೆಯ ದನಿ ಇಡೀ ಹಜಾರಕ್ಕೆ ಕೇಳುವಂತಿತ್ತು. "ಸೇರಿದ ಗಳಿಗೆಯಲ್ಲೇ ನಿಲ್ಲಿಸಿದಳಾ? ಇನ್ನೂ ಒಲೆ ಹಚ್ಚಿಲ್ಲ ನಾನು."

ಆದರೆ ನರ್ಸ್ ತನ್ನ ಫೋನನ್ನು ಗೆಳತಿಯ ಮುಖಕ್ಕೆ ಹಿಡಿದಿದ್ದಳು. "ನೋಡು, ಬಾಕಿ ಆರಕ್ಕೆ ಆರೂ ಹಾಗೇ ಇದೆ. ಒಂದೂ ಹೋಗಿಲ್ಲ." ಗೆಳತಿ ಸೇರಿದಳು. ಗೆಳತಿಯ ಹಿಂದಿದ್ದ ವಾರ್ಡಿನವನು ಏನದು ಎಂದು ಇಣುಕಿ ಸೇರಿದ. ಮಧ್ಯಾಹ್ನದ ಪಾಳಿಗೆ ಬಂದವರಿಗೆ ಬೆಳಗಿನವರೇ ಹೇಳಿದರು. ಹೆಚ್ಚಿನವರು ಮಾಡಿದ್ದು ಅದನ್ನೇ: ಸೇರಿದರು, ಒಂದು ದಿನ ನಿಲ್ಲಿಸಿ ನೋಡಿದರು, ನಂಬಿಕೆ ಬಂದ ಮೇಲೆ ಮತ್ತೆ ಶುರುಮಾಡಿದರು. ಭಾನುವಾರ ರಾತ್ರಿ ಪಾಳಿಯವರು ಬಂದಾಗ ಲೆಕ್ಕ ಮೂವತ್ತು ದಾಟಿತ್ತು. ಹಿರಿಯ ನರ್ಸ್ ತಾವೇ ಫೋನ್ ಮಾಡಿ, ಗೂಡು ನಿಮ್ಮದು, ಬೀಗದ ಕೈ ಬಂದು ತೊಗೊಳ್ಳಿ ಎಂದರು. ತಾವು ಎರಡು ಹೊತ್ತಿನ ಊಟಕ್ಕೆ ಸೇರಿದ್ದಾಗಿಯೂ ಹೇಳಿದರು.

ಸೋಮವಾರ ಬೆಳಗ್ಗೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಪಾಟಿನಲ್ಲಿ ಬಾಯಿ ಮುಚ್ಚಿ ಕೂತಿದ್ದ ಡಬ್ಬಿಗಳೆಲ್ಲ ತೊಳೆಸಿಕೊಂಡು ಸಾಲಾಗಿ ಹೊಳೆಯುತ್ತಿದ್ದವು. ಅಣ್ಣ ಗಾಡಿಯ ಹಿಂದಿನ ಸೀಟು ಬಿಚ್ಚಿ ಜಾಗ ಮಾಡುತ್ತಿದ್ದ. ಅತ್ತಿಗೆ ಒಲೆಯ ಮೇಲಿನ ಪಾತ್ರೆಯನ್ನೂ ಕತ್ತರಿಸಿದ ತರಕಾರಿಯ ರಾಶಿಯನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು. ರಾಶಿ ಪಾತ್ರೆಗಿಂತ ದೊಡ್ಡದಾಗಿತ್ತು.

ಆಗಲೇ ಕ್ಯಾಂಟೀನಿನವರ ಫೋನ್ ಬಂತು. ತಕ್ಕಡಿ ಕೈಲಿದ್ದ ಮುಚ್ಚಳವನ್ನು ಹಾಗೇ ಹಿಡಿದು ನಿಂತಳು. ಅಣ್ಣ ಬಾಗಿಲಿಂದ ತಲೆ ಹಾಕಿದ. ಅತ್ತಿಗೆ ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಸೌಟು ಆಡಿಸುತ್ತಲೇ ಕೇಳಿಸಿಕೊಂಡಳು.

"ಇಲ್ಲ, ಬರೋದಿಲ್ಲ," ಎಂದಳು ಕೊನೆಗೆ. "ಕರೆದಿದ್ದಕ್ಕೆ ತುಂಬಾ ಸಂತೋಷ. ಇಲ್ಲ ಇಲ್ಲ, ಯೋಚನೆ ಮಾಡಿಯೇ ಹೇಳ್ತಿದ್ದೀನಿ." ಫೋನ್ ಇಡಲು ಕೈ ಎತ್ತಿದವಳು ಪಾತ್ರೆಯತ್ತ ನೋಡಿ ತಡೆದಳು. "ಅದಿರಲಿ, ಇಡಬೇಡಿ. ನಿಮ್ಮ ಹತ್ತಿರ ಹಳೇ ದೊಡ್ಡ ಪಾತ್ರೆ ಏನಾದ್ರೂ ಇದೆಯಾ, ಕೊಡೋದು? ತಳ ಗಟ್ಟಿ ಇರಬೇಕು."